‘ಇತ್ತ ಎಲ್ಲ ಕ್ಷೇಮ’ ಕತೆಗೆ ಕೈಜೋಡಿಸಿದವರಿಗೆಲ್ಲ

ದೀಪಾವಳಿ ವಿಶೇಷಾಂಕದಲ್ಲಿ ನನ್ನ ‘ಇತ್ತ ಎಲ್ಲ ಕ್ಷೇಮ’ ಕತೆ ಬಂದ ಮೇಲೆ ಇಷ್ಟು ಜನ ಓದಿ, ಫೋನ್ ಮಾಡಿ, ಮೆಸೇಜ್ ಹಾಕುತ್ತೀರಿ ಅಂತ ನಾನು ಅಂದುಕೊಂಡಿರಲಿಲ್ಲ. ಇದು ಅಚ್ಚಾದ ನನ್ನ ಮೊದಲ ಕತೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯಲು ಕೂತೆ, ಆದರೆ ಎಲ್ಲರೂ ಕೇಳಿದ್ದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ, ಆ ತಾತ ಹೋದ ಸುದ್ದಿಯನ್ನು ಅಜ್ಜಿ ಎಲ್ಲೂ ಬರೆಯುವುದಿಲ್ಲ, ಆದರೂ ನಮಗೆ ಗೊತ್ತಾಗುತ್ತೆ, ಅದು ಹೇಗೆ ಹೊಳೆಯಿತು ಅಂತ. ಅದು ನನಗೊಬ್ಬಳಿಗೇ ಹೊಳೆದದ್ದಲ್ಲ. ಒಬ್ಬೊಬ್ಬರು ಒಂದೊಂದು ತುಂಡು ಕೊಟ್ಟರು. ಅವರಿಗೆ ಎಲ್ಲರ ಎದುರಿಗೇ ಥ್ಯಾಂಕ್ಸ್ ಹೇಳಬೇಕು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ. ಕತೆ ಇನ್ನೂ ಓದದವರಿಗೆ ಗುಟ್ಟು ಬಿಟ್ಟುಕೊಟ್ಟ ಹಾಗಾಗುತ್ತೆ, ಆದರೆ ಯಾರು ಏನು ಕೊಟ್ಟರು ಅಂತ ಹೇಳಲು ಬೇರೆ ದಾರಿ ಇಲ್ಲ.

ಓದದವರಿಗಾಗಿ ಕತೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ತಿಪಟೂರಿನ ಒಬ್ಬ ಅಜ್ಜಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಮೊಮ್ಮಗಳಿಗೆ ಹಬ್ಬಹಬ್ಬಕ್ಕೂ ಕೈಯಲ್ಲೇ ಬರೆದ ಗ್ರೀಟಿಂಗ್ ಕಾರ್ಡ್ ಕಳಿಸುತ್ತಾಳೆ. ಮೊದಲ ಕಾರ್ಡು 2018ರ ಯುಗಾದಿಯದು, ಆಗ ಹುಡುಗಿಗೆ ಆರು ವರ್ಷ. ಕೊನೆಯದು 2021ರ ದೀಪಾವಳಿಯದು. ನಡುವೆ 2020ರ ಆಷಾಢದಲ್ಲಿ ತಾತ ತೀರಿಕೊಳ್ಳುತ್ತಾರೆ. ಹುಡುಗಿಯ ಅಪ್ಪ ಅಮ್ಮ ಅವಳಿಗೆ ಆ ವಿಷಯ ಹೇಳಿಲ್ಲ, ಹೇಳಬೇಡ ಅಂತ ಅಜ್ಜಿಗೂ ಹೇಳಿದ್ದಾರೆ. ಒಟ್ಟು ಹತ್ತು ಕಾರ್ಡು, ಅಷ್ಟೇ ಕತೆ. ಮಧ್ಯೆ ಬೇರೆ ಯಾರ ಮಾತೂ ಇಲ್ಲ.

ಮೊದಲ ಥ್ಯಾಂಕ್ಸ್ ಲೀಡ್ಸ್‌ನಲ್ಲಿರುವ ನನ್ನ ಗೆಳತಿಗೆ. ಅವಳು ಅಲ್ಲಿ ಶನಿವಾರ ಶನಿವಾರ ಕನ್ನಡ ಮಕ್ಕಳಿಗೆ ಅಕ್ಷರ ಕಲಿಸುತ್ತಾಳೆ. ಮೊದಲ ಕಾರ್ಡಿಗೆ ನಾನು ಬರೆದಿದ್ದ ಸಾಲುಗಳನ್ನು ಫೋನಿನಲ್ಲಿ ಓದಿ ಹೇಳಿದೆ. ಅವಳು ಸ್ವಲ್ಪ ಸುಮ್ಮನಿದ್ದು, ‘ಈ ಹುಡುಗಿ ಇದನ್ನು ತಾನೇ ಓದಬೇಕಾ, ಅವಳಮ್ಮ ಓದಿ ಹೇಳಬೇಕಾ?’ ಅಂತ ಕೇಳಿದಳು. ತಾನೇ ಓದಬೇಕು ಅಂದೆ. ಹಾಗಿದ್ದರೆ ಒತ್ತಕ್ಷರ ಬೇಡ ಅಂದಳು. ಅಲ್ಲಿನ ಮಕ್ಕಳು ಮೊದಲು ವರ್ಣಮಾಲೆ, ಆಮೇಲೆ ಕಾಗುಣಿತ ಕಲಿಯುತ್ತಾರೆ, ಒತ್ತಿಗೆ ಬರುವಷ್ಟರಲ್ಲಿ ಎಷ್ಟೋ ತಿಂಗಳು ಆಗಿರುತ್ತೆ. ಮೊಮ್ಮಗಳಿಗೆ ಏನು ಬರುತ್ತೆ, ಏನು ಬರಲ್ಲ ಅನ್ನುವುದನ್ನು ಮಗಳ ಹತ್ತಿರ ಕೇಳಿ ತಿಳಿದುಕೊಳ್ಳುವ ಅಜ್ಜಿ ಅವಳ ಕೈಗೆ ಎಟುಕುವ ಹಾಗೆಯೇ ಬರೆಯುತ್ತಾಳೆ, ಅಲ್ವಾ?

ಫೋನ್ ಇಟ್ಟು ಬರೆಯಲು ಕೂತಾಗ ಗೊತ್ತಾಯಿತು ಅದೆಷ್ಟು ಕಷ್ಟ ಅಂತ. ‘ಹಬ್ಬ’ ಬರೆಯುವ ಹಾಗಿಲ್ಲ. ‘ಬೆಲ್ಲ’ ಇಲ್ಲ. ‘ಚೈತ್ರ’ ಇಲ್ಲ. ‘ಪುಟ್ಟಿ’ ಅಂತ ಕರೆಯುವ ಹಾಗೂ ಇಲ್ಲ. ಪುಣ್ಯಕ್ಕೆ ‘ಯುಗಾದಿ’ ಇದೆ, ಆ ವರ್ಷದ ಸಂವತ್ಸರ ‘ವಿಲಂಬಿ’ ಇದೆ, ‘ಬೇವು’ ಇದೆ. ಕೊನೆಗೆ ಹೀಗೆ ಬಂತು: ‘ವಿಲಂಬಿ ಯುಗಾದಿ. ಮಗೂ, ಮಾವಿನ ಮರದ ತುಂಬಾ ಕಾಯಿ. ಕೋಗಿಲೆ ಕೂಗಿತು. ನೀನು ಯಾವಾಗ ಬರುವೆ?’ ಇಷ್ಟಾದ ಮೇಲೆ ಸಹಿ ಮಾಡಬೇಕು. ‘ಅಜ್ಜಿ’ಯಲ್ಲೇ ಒತ್ತು ಇದೆ! ಮೊಮ್ಮಗಳು ಓದಲಾಗದ ಸಹಿ ಹಾಕಲು ಈ ಅಜ್ಜಿಗೆ ಮನಸ್ಸಿಲ್ಲ. ಪಕ್ಕದಲ್ಲಿ ಕೂತಿರುವ ಗಂಡನ ಹೆಸರು ಸುಲಭ. ಹಾಗಾಗಿ ತಾನು ಬರೆದ ಕಾರ್ಡಿಗೆ ‘ಇಂತಿ ತಾತ’ ಅಂತ ಸಹಿ ಹಾಕುತ್ತಾಳೆ.

ಇಡೀ ಕತೆ ನಿಂತಿರುವುದು ಆ ಸಹಿಯ ಮೇಲೆ. ಅದಕ್ಕೇ ಅಜ್ಜಿ ತಿಪಟೂರಿನವಳೇ ಆಗಬೇಕಾಯಿತು. ಉತ್ತರ ಕರ್ನಾಟಕದ ಮನೆಯಾಗಿದ್ದರೆ ‘ಅಜ್ಜ’ ಅಥವಾ ‘ಮುತ್ಯಾ’ ಅನ್ನುತ್ತಿದ್ದರು, ಎರಡರಲ್ಲೂ ಒತ್ತು ಇದೆ, ಕತೆ ಅಲ್ಲೇ ನಿಂತುಬಿಡುತ್ತಿತ್ತು. ಮೂರನೇ ಕಾರ್ಡು 2019ರ ಸಂಕ್ರಾಂತಿಯದು, ಅಷ್ಟರಲ್ಲಿ ಹುಡುಗಿ ಒತ್ತು ಕಲಿತಿದ್ದಾಳೆ, ಅಜ್ಜಿ ಖುಷಿಯಿಂದ ಎಳ್ಳು ಬೆಲ್ಲ, ಕಬ್ಬು, ಸಕ್ಕರೆ ಅಚ್ಚು ಎಲ್ಲ ಬರೆಯುತ್ತಾಳೆ. ಆಮೇಲೆ ‘ಈಗ ನನ್ನ ಹೆಸರು ಓದಲು ನಿನಗೆ ಬರುತ್ತೆ. ಆದರೂ ಸಹಿ ಹೀಗೇ ಇರಲಿ, ತಾತನಿಗೆ ಇದು ರೂಢಿಯಾಗಿದೆ’ ಅನ್ನುತ್ತಾಳೆ. ಈ ಸಾಲು ಓದಿ ನಗು ಬಂತು ಅಂತ ತುಂಬಾ ಜನ ಹೇಳಿದಿರಿ. ಮುಂದೆ ಏಳನೇ ಕಾರ್ಡಿನಲ್ಲಿ ಮೊದಲ ಸಲ ‘ಇಂತಿ ಅಜ್ಜಿ’ ಅಂತ ಬರುವಾಗ ಆ ನಗು ನಿಮಗೆ ನೆನಪಿರಬೇಕು ಅನ್ನುವುದೇ ನನ್ನ ಆಸೆಯಾಗಿತ್ತು. ಗೆಳತಿ ಆ ಪ್ರಶ್ನೆ ಕೇಳದೆ ಇದ್ದಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.

ಎರಡನೆಯದು ನಮ್ಮ ಬೀದಿಯ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೂರುವ ಅಕ್ಕನಿಗೆ. ಕತೆಗೆ ಬೇಕು ಅಂತ ಹೇಳದೆ ಸುಮ್ನೆ ಹೋಗಿ, ವಿದೇಶಕ್ಕೆ ಗ್ರೀಟಿಂಗ್ ಕಾರ್ಡ್ ಕಳಿಸಿದರೆ ಎಷ್ಟಾಗುತ್ತೆ ಅಂತ ಕೇಳಿದ್ದೆ. ಅವರು ತಕ್ಕಡಿ ತೋರಿಸಿ, 20 ಗ್ರಾಂ ಒಳಗಿದ್ದರೆ ಒಂದು ದರ, ದಾಟಿದರೆ ಜಾಸ್ತಿ ಅಂದರು. ನಾನು ಒಯ್ದಿದ್ದ ಕಾರ್ಡು ದೊಡ್ಡದು, ಎ4 ಅಳತೆಯ ದಪ್ಪ ಹಾಳೆಯನ್ನು ಒಂದೇ ಮಡಿಕೆ ಮಾಡಿದ್ದು. 250 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 250 ಗ್ರಾಂ ತೂಗುವ ಹಾಳೆಯಾದರೆ ಆ ಕಾರ್ಡೇ ಹದಿನೈದೂವರೆ ಗ್ರಾಂ ಮೀರುತ್ತದೆ, ಮೇಲೆ ಕವರು, ಅಂಟು ಸೇರಿದರೆ ಸುಲಭವಾಗಿ 20 ದಾಟುತ್ತದೆ. ಅದರ ಅರ್ಧ ಅಳತೆಯ ಕಾರ್ಡಾದರೆ ಏನೂ ತೊಂದರೆ ಇಲ್ಲ. ನನ್ನ ಕತೆಯ ಅಜ್ಜಿ ಪಿಂಚಣಿ ದುಡ್ಡಿನಲ್ಲಿ ಲೆಕ್ಕ ಹಾಕಿ ಬದುಕುವವಳು, ಚಿಕ್ಕ ಕಾರ್ಡನ್ನೇ ಕೊಳ್ಳುತ್ತಾಳೆ. ಒಳಗೆ ದಪ್ಪ ಅಕ್ಷರದಲ್ಲಿ ಬರೆದರೆ ಏಳೆಂಟು ಸಾಲು ಹಿಡಿಯುತ್ತದೆ. ಆಮೇಲೆ ನಾನು ಎಲ್ಲ ಕಾರ್ಡುಗಳನ್ನೂ ಅಂಥ ಚಿಕ್ಕ ಕಾರ್ಡಿನಲ್ಲೇ ಕೈಯಲ್ಲಿ ಬರೆದು ನೋಡಿದೆ, ಹಿಡಿಸದ ಸಾಲನ್ನೆಲ್ಲ ತೆಗೆದೆ. ಕಾರ್ಡುಗಳು ಇಷ್ಟು ಚುಟುಕಾಗಿ ಯಾಕಿವೆ ಅಂತ ಕೇಳಿದವರಿಗೆ ಉತ್ತರ ಆ ತಕ್ಕಡಿಯಲ್ಲಿದೆ.

ಎರಡನೇ ಸಲ ಹೋದಾಗ ವಿಷಯ ಹೇಳಿದೆ. ಆಗ ಅವರು ಕೊಟ್ಟದ್ದು ಇನ್ನೂ ದೊಡ್ಡದು. 2020ರ ಮಾರ್ಚ್‌ನಲ್ಲಿ ವಿದೇಶಕ್ಕೆ ಹಾಕಿದ ಕಾಗದಗಳ ಕತೆ ಹೇಳಿದರು. ಆ ವರ್ಷದ ಯುಗಾದಿ ಮಾರ್ಚ್ 25ಕ್ಕೆ ಬಂತು, ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾದದ್ದೂ ಅವತ್ತೇ. ಹೊರದೇಶದ ವಿಮಾನಗಳು ಅದಕ್ಕೂ ಮೂರು ದಿನ ಮುಂಚೆ, 22ಕ್ಕೇ ನಿಂತಿದ್ದವು. ಹಬ್ಬಕ್ಕೆ ಸರಿಯಾಗಿ ತಲುಪಲಿ ಅಂತ ಮಾರ್ಚ್ ಮಧ್ಯದಲ್ಲಿ ಡಬ್ಬಿಗೆ ಹಾಕಿದ ಕಾಗದ ಊರಿನ ಮುದ್ರೆ ಬಿದ್ದು ಹೊರಟಿರುತ್ತೆ, ದೊಡ್ಡ ಊರಿನಲ್ಲಿ ಚೀಲ ಕಟ್ಟಿಸಿಕೊಂಡು ಅಲ್ಲೇ ಕಾಯುತ್ತಾ ಬಿದ್ದಿರುತ್ತೆ. ತಿಂಗಳುಗಟ್ಟಲೆ ತಡವಾಗಿ ತಲುಪಿದ್ದನ್ನು ಜನ ಬಂದು ಹೇಳುತ್ತಿದ್ದರಂತೆ. ‘ಕಾಗದ ಹಳೇದಾದ್ರೂ ಮುದ್ರೆ ಸುಳ್ಳು ಹೇಳಲ್ಲ ನೋಡಿ’ ಅಂದರು ಅಕ್ಕ.

ಅವತ್ತು ಮನೆಗೆ ಬಂದು ಏಳನೇ ಮತ್ತು ಎಂಟನೇ ಕಾರ್ಡನ್ನು ಅದಲು ಬದಲು ಮಾಡಿದೆ. ಕತೆಯಲ್ಲಿ ಕಾರ್ಡುಗಳು ಬರೆದ ದಿನದ ಪ್ರಕಾರ ಬರುವುದಿಲ್ಲ, ಹುಡುಗಿಯ ಕೈಗೆ ತಲುಪಿದ ಪ್ರಕಾರ ಬರುತ್ತವೆ. ಸೆಪ್ಟೆಂಬರಿನಲ್ಲಿ ಅವಳಿಗೆ ಒಂಬತ್ತು ತುಂಬಿದ್ದಕ್ಕೆ ಬರೆದ ಕಾರ್ಡು ಮೊದಲು ಸಿಗುತ್ತದೆ, ಅದರಲ್ಲಿ ‘ಇಂತಿ ಅಜ್ಜಿ’ ಅಂತಿದೆ. ಅದಾಗಿ ಕೆಲವು ದಿನಕ್ಕೆ ಮಾರ್ಚ್‌ನಲ್ಲಿ ಹೊರಟ ಯುಗಾದಿ ಕಾರ್ಡು ಬರುತ್ತದೆ. ‘ಶಾರ್ವರಿ ಯುಗಾದಿ. ತಾತನ ಕೆಮ್ಮು ಕಡಿಮೆಯಾಗಿದೆ. ದಿನಾ ಎಳನೀರು ಕುಡಿಯುತ್ತಾರೆ. ಈ ಸಲ ರಜಕ್ಕೆ ನೀನು ಬಂದರೆ ತೋಟ ತೋರಿಸುತ್ತಾರಂತೆ. ಇಂತಿ ತಾತ.’ ಹುಡುಗಿಗೆ ಇದು ಹೊಸ ಕಾರ್ಡು. ಓದುವ ನಮಗೆ ಮಾತ್ರ ಲಕೋಟೆಯ ಮೇಲಿನ ತಾರೀಖು ಕಾಣುತ್ತದೆ. ಇಲ್ಲಿ ಏನೋ ತಪ್ಪಾಗಿ ಹಿಂದುಮುಂದಾಗಿದೆ ಅಂತ ಇಬ್ಬರು ಓದುಗರು ಬರೆದಿದ್ದಿರಿ. ಮುದ್ರೆ ಇನ್ನೊಂದು ಸಲ ನೋಡಿ, ದಯವಿಟ್ಟು.

ಇನ್ನು ಚಿಕ್ಕಮ್ಮ. ಚಿಕ್ಕಮ್ಮನಿಗೆ ಥ್ಯಾಂಕ್ಸ್ ಅಂದರೆ ಬೈಯುತ್ತಾರೆ, ಆದರೂ ಹೇಳಲೇಬೇಕು.

ನಮ್ಮ ಕಡೆ ಮನೆಯಿಂದ ಹೊರಡುವ ಕಾಗದಕ್ಕೆ ಮೇಲೆ ‘ಶ್ರೀ’ ಬರೆದು, ಶುಭದ ಕಾಗದವಾದರೆ ನಾಲ್ಕು ಮೂಲೆಗೂ ಅರಿಶಿನ ಹಚ್ಚುವ ಪದ್ಧತಿ ಇತ್ತು. ಮದುವೆ ಕರೆಯೋಲೆಗೆ ಈಗಲೂ ಹಚ್ಚುತ್ತಾರೆ. ಸಾವಿನ ಸುದ್ದಿ ತರುವ ಕಾಗದಕ್ಕೆ ಎರಡೂ ಇರುವುದಿಲ್ಲ, ಓದಿದ ತಕ್ಷಣ ಹರಿದು ಹಾಕುತ್ತಾರೆ, ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಅಂಚೆಯವನು ಕಾಗದ ಕೈಗೆ ಕೊಟ್ಟಾಗ ಓದಲು ಬಾರದ ಹೆಂಗಸರೂ ಅರಿಶಿನ ಇದೆಯಾ ಅಂತ ಮೊದಲು ಮೂಲೆ ನೋಡುತ್ತಿದ್ದರು ಅಂತ ಚಿಕ್ಕಮ್ಮ ಹೇಳಿದಾಗ ನನಗೆ ಮೈ ಜುಂ ಅಂದಿತು. ಅಜ್ಜಿ ಹೇಳಬಾರದ್ದನ್ನು ಹೇಳಲು ಇದಕ್ಕಿಂತ ಬೇರೆ ದಾರಿ ಬೇಕಾ?

ಹಚ್ಚುವ ರೀತಿಯನ್ನೂ ಅವರೇ ತೋರಿಸಿದರು. ಅಂಗೈಯಲ್ಲಿ ಚಿಟಿಕೆ ಅರಿಶಿನ, ಎರಡೇ ಹನಿ ನೀರು. ನೀರು ಜಾಸ್ತಿಯಾದರೆ ಕಾಗದ ಹೀರಿಕೊಂಡು ಹಳದಿ ಒಳಕ್ಕೆ ಹರಿಯುತ್ತದೆ, ಜೆಲ್ ಪೆನ್ನಿನಲ್ಲಿ ಬರೆದ ಅಕ್ಷರ ತಾಗಿದರೆ ಅದೂ ಕಲಸಿಹೋಗುತ್ತದೆ. ಉಂಗುರದ ಬೆರಳ ತುದಿಯಲ್ಲಿ ಅದ್ದಿ ಮೂಲೆಗೆ ಒತ್ತಿ, ಆರಲು ಬಿಡಬೇಕು, ಆರುವ ಮುಂಚೆ ಮಡಚಿದರೆ ಎದುರು ಪುಟಕ್ಕೂ ಅಂಟುತ್ತದೆ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ನಾನು ಪರೀಕ್ಷೆಗೆ ಮಾಡಿದ ಒಂದು ಕಾರ್ಡನ್ನು ಕಿಟಕಿಯ ಹತ್ತಿರ ಇಟ್ಟಿದ್ದೆ, ಬೇಗನೆ ಪೇಲವವಾಯಿತು, ಡಬ್ಬಿಯಲ್ಲಿಟ್ಟದ್ದು ಹಾಗೇ ಇದೆ. ಅದಕ್ಕೇ ಕತೆಯಲ್ಲಿ ಎರಡನೇ ಕಾರ್ಡಿನಲ್ಲೇ ಅಜ್ಜಿ ಹೇಳುತ್ತಾಳೆ, ‘ಗೋಡೆಗೆ ಅಂಟಿಸಬೇಡ, ಡಬ್ಬಿಯಲ್ಲಿಡು’ ಅಂತ. ಡಬ್ಬಿಯಲ್ಲಿ ಇಟ್ಟಿದ್ದಕ್ಕೇ ಹುಡುಗಿಗೆ ಹಳೆಯ ಕಾರ್ಡುಗಳ ಪಕ್ಕ ಏಳನೆಯದನ್ನು ಇಟ್ಟು ನೋಡಲು ಆಯಿತು.

ಏಳನೇ ಕಾರ್ಡಿನಲ್ಲಿ ‘ಶ್ರೀ’ ಇಲ್ಲ. ಅರಿಶಿನ ಇಲ್ಲ. ಬರೆದಿರುವುದು ಇಷ್ಟು: ‘ಒಂಬತ್ತು ತುಂಬಿತು. ಉದ್ದ ಬೆಳೆದಿದ್ದೀಯಂತೆ. ಇಲ್ಲಿ ಮಳೆ ಚೆನ್ನಾಗಿದೆ. ತೆಂಗಿನಕಾಯಿ ಕೆಡವಲು ಜನ ಸಿಕ್ಕಿಲ್ಲ. ಇತ್ತ ಎಲ್ಲ ಕ್ಷೇಮ. ಓದಿದ ಮೇಲೆ ಇಟ್ಟುಕೋಬೇಡ. ಇಂತಿ ಅಜ್ಜಿ.’ ಕೊನೆಯಿಂದ ಎರಡನೇ ಸಾಲು ಚಿಕ್ಕಮ್ಮನದು. ‘ಹರಿದು ಹಾಕು’ ಅಂತ ಮಗುವಿಗೆ ಬರೆಯಲು ಯಾವ ಅಜ್ಜಿಗೆ ಕೈ ಬರುತ್ತೆ, ಹೀಗೆ ಬರಿ ಅಂದರು. ಕತೆಯಲ್ಲಿ ನನಗೆ ತುಂಬಾ ಇಷ್ಟವಾದ ಸಾಲು ಅದೇ, ಅದು ನನ್ನದಲ್ಲ.

ಆಮೇಲೆ ಒಂದು ವರ್ಷ ಅಜ್ಜಿ ಹಬ್ಬದ ಕಾರ್ಡೇ ಬರೆಯುವುದಿಲ್ಲ. ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬ ಮಾಡುವುದಿಲ್ಲ. ದೀಪಾವಳಿ, ಸಂಕ್ರಾಂತಿ, ಪ್ಲವ ಸಂವತ್ಸರದ ಯುಗಾದಿ ಎಲ್ಲ ಸುಮ್ಮನೆ ದಾಟಿಹೋಗುತ್ತವೆ. ಈ ಭಾಗದಲ್ಲಿ ನೆರವಾದವರು ನಮ್ಮ ಎದುರು ಮನೆಯ ಮೇಷ್ಟ್ರು. ನಿವೃತ್ತರಾದ ಮೇಲೂ ಪ್ರತಿವರ್ಷದ ಪಂಚಾಂಗ ಎತ್ತಿಡುವವರು. 2018ರಿಂದ 2021ರವರೆಗಿನದನ್ನು ತೆಗೆದು ಕೂತು, ಪ್ರತಿ ಕಾರ್ಡಿನ ಹಬ್ಬದ ತಾರೀಖನ್ನೂ ನನ್ನ ಜೊತೆ ಸರಿ ನೋಡಿದರು. 2020ರಲ್ಲಿ ಅಧಿಕ ಆಶ್ವಯುಜ ಬಂದಿತ್ತು ಅಂತ ತೋರಿಸಿದವರು ಅವರೇ. ಸೆಪ್ಟೆಂಬರ್ 18ರಿಂದ ಅಕ್ಟೋಬರ್ 16ರವರೆಗೆ ಅಧಿಕ ಮಾಸ, ಅದಕ್ಕೇ ಆ ಸಲದ ದೀಪಾವಳಿ ನವೆಂಬರ್ 14ರವರೆಗೆ ಜರುಗಿತು. ಆಷಾಢದಲ್ಲಿ ಹೋದವರ ವರ್ಷಾಬ್ದಿಕ ಮುಂದಿನ ಆಷಾಢಕ್ಕೆ ತಾನೇ? ನಡುವೆ ಒಂದು ತಿಂಗಳು ಜಾಸ್ತಿ. ‘ಪಾಪ ನಿನ್ನ ಅಜ್ಜಿಗೆ ಹದಿಮೂರು ತಿಂಗಳ ವರ್ಷ’ ಅಂದರು ಮೇಷ್ಟ್ರು, ಕತೆಯ ಅಜ್ಜಿಯನ್ನು ಪಕ್ಕದ ಬೀದಿಯಲ್ಲಿ ಇರುವವಳು ಅನ್ನುವಂತೆ.

ಆ ಮಾತನ್ನು ಹಾಗೇ ಒಂಬತ್ತನೇ ಕಾರ್ಡಿಗೆ ಹಾಕಿದೆ. ಹುಡುಗಿ ಕೇಳಿದ್ದಾಳೆ, ಅವಳ ಪ್ರಶ್ನೆ ನಮಗೆ ಕಾಣುವುದು ಅಜ್ಜಿಯ ಉತ್ತರದಲ್ಲೇ: ‘ಅರಿಶಿನ ಯಾಕಿಲ್ಲ ಅಂತ ಕೇಳಿದ್ದೀಯ. ಈ ವರ್ಷ ನಮ್ಮ ಮನೇಲಿ ಹಬ್ಬ ಇಲ್ಲ ಮಗು. ಈ ವರ್ಷಕ್ಕೆ ಹದಿಮೂರು ತಿಂಗಳು. ಮುಗಿಯಲಿ, ಹಚ್ಚುತ್ತೇನೆ.’ ಇದು ಯಾವ ಹಬ್ಬದ್ದೂ ಅಲ್ಲದ ಕಾರ್ಡು, ಮೇಲೆ ಬರೀ ಒಂದು ಹೂವಿನ ಚಿತ್ರ. ಹುಡುಗಿಗೆ ಗೊತ್ತಾಯಿತಾ ಅಂತ ಹಲವರು ಕೇಳಿದ್ದೀರಿ. ಗೊತ್ತಾಗಿದೆ ಅಂತಲೇ ನಾನು ನಂಬಿದ್ದೇನೆ. ‘ತಾತ ಎಲ್ಲಿ’ ಅಂತ ಅವಳು ಕೇಳಿಲ್ಲ, ಅರಿಶಿನದ ಬಗ್ಗೆ ಮಾತ್ರ ಕೇಳಿದ್ದಾಳೆ. ಒಂಬತ್ತು ವರ್ಷದ ಮಕ್ಕಳಿಗೆ ಏನನ್ನು ಕೇಳಬಾರದು ಅನ್ನುವುದು ದೊಡ್ಡವರಿಗಿಂತ ಚೆನ್ನಾಗಿ ಗೊತ್ತಿರುತ್ತೆ.

ಕೊನೆಯ ಕಾರ್ಡಿನ ಹತ್ತಿರ ನಾನು ತುಂಬಾ ದಿನ ನಿಂತುಬಿಟ್ಟಿದ್ದೆ. ವರ್ಷ ಮುಗಿದಿದೆ, ಹಬ್ಬ ಮಾಡಬಹುದು, 2021ರ ದೀಪಾವಳಿ. ಆದರೆ ಅಜ್ಜಿ ಈಗ ಗಂಡ ಇಲ್ಲದವಳು. ಎಷ್ಟೋ ಮನೆಗಳಲ್ಲಿ ಅಂಥವರು ಅರಿಶಿನ ಮುಟ್ಟಿ ಶುಭದ ಕಾಗದಕ್ಕೆ ಹಚ್ಚುವ ಹಾಗಿಲ್ಲ, ಸೊಸೆಯನ್ನೋ ಪಕ್ಕದ ಮನೆಯವರನ್ನೋ ಕರೆದು ಹಚ್ಚಿಸುತ್ತಾರೆ. ಸೊಸೆ ಹಚ್ಚಿದಳು ಅಂತ ಬರೆದರೆ ಪದ್ಧತಿಗೆ ಸರಿ, ಕತೆಗೆ ಸುಳ್ಳು ಅನ್ನಿಸುತ್ತಿತ್ತು. ಅಜ್ಜಿಯೇ ಹಚ್ಚಿದಳು ಅಂತ ಬರೆದರೆ ನಮ್ಮ ಹಿರಿಯರು ಏನಂದುಕೊಳ್ಳುತ್ತಾರೋ ಅನ್ನುವ ಅಳುಕು ಇತ್ತು. ಚಿಕ್ಕಮ್ಮನಿಗೇ ಕೇಳಿದೆ. ಅವರು ಚಿಕ್ಕಪ್ಪನನ್ನು ಕಳೆದುಕೊಂಡು ಬಹಳ ವರ್ಷವಾಯಿತು, ಅವತ್ತಿನಿಂದ ಯಾರ ಮನೆಯ ಶುಭಕಾರ್ಯದಲ್ಲೂ ಮುಂದೆ ನಿಂತವರಲ್ಲ. ಅವರು ಒಲೆಯ ಮೇಲಿದ್ದ ಹಾಲು ಇಳಿಸುತ್ತಾ, ತಿರುಗಿಯೂ ನೋಡದೆ ಹೇಳಿದರು: ‘ಮಗು ಕೇಳಿದೆ. ಹಚ್ಚಲಿ ಬಿಡೇ.’

ಅದಕ್ಕೇ ಹತ್ತನೇ ಕಾರ್ಡು ಹಾಗಿದೆ. ಮೇಲೆ ‘ಶ್ರೀ’. ನಾಲ್ಕು ಮೂಲೆಗೂ ಅರಿಶಿನ. ‘ಹಚ್ಚಿದ್ದೇನೆ ನೋಡು. ನಾನೇ ಹಚ್ಚಿದೆ. ಕೈ ನಡುಗಿ ಒಂದು ಮೂಲೆಗೆ ಜಾಸ್ತಿ ಆಯಿತು. ಇದನ್ನು ಇಟ್ಟುಕೋ. ಇಂತಿ ಅಜ್ಜಿ.’ ಈ ಕಾರ್ಡಿನ ಬಗ್ಗೆ ಹಾಸನದ ಕಡೆಯ ಒಬ್ಬ ಹಿರಿಯ ಓದುಗರು ಸಿಟ್ಟಿನಿಂದ ಬರೆದಿದ್ದಾರೆ, ಶಾಸ್ತ್ರ ಗೊತ್ತಿಲ್ಲದೆ ಬರೆದಿದ್ದೀರಿ ಅಂತ. ಸಿಟ್ಟು ಬಂದರೂ ಕೊನೆಯವರೆಗೆ ಓದಿ, ಸಮಯ ಕೊಟ್ಟು ಬರೆದದ್ದಕ್ಕೆ ಅವರಿಗೂ ನಿಜವಾಗಿ ಕೃತಜ್ಞತೆ. ಆದರೆ ಶಾಸ್ತ್ರ ಗೊತ್ತಿದ್ದೇ ಬರೆದದ್ದು. ಇನ್ನೊಂದು ಸಲ ಬರೆದರೂ ಅಜ್ಜಿಯೇ ಹಚ್ಚುತ್ತಾಳೆ.

ಪತ್ರಿಕೆಯ ಸಂಪಾದಕರಿಗೆ ಎಷ್ಟು ಹೇಳಿದರೂ ಸಾಲದು. ನಾನು ಕಳಿಸಿದಾಗ ಕಾರ್ಡುಗಳ ನಡುವೆ ಲೀಡ್ಸ್‌ನ ಮನೆಯ ವಿವರ, ಹುಡುಗಿಯ ಅಮ್ಮ ಅಡುಗೆಮನೆಯಲ್ಲಿ ಅಳುವುದು ಎಲ್ಲ ಇತ್ತು. ಅದನ್ನೆಲ್ಲ ತೆಗೆದು ಬರೀ ಕಾರ್ಡುಗಳನ್ನು ಬಿಟ್ಟು ವಾಪಸ್ ಕಳಿಸಿದರು. ‘ಇದೊಂದು ಸಲ ಓದಿ ನೋಡಿ, ಇಷ್ಟವಾಗದಿದ್ದರೆ ನಿಮ್ಮದನ್ನೇ ಹಾಕೋಣ’ ಅಂತ ಒಂದು ಸಾಲು. ಓದಿದೆ. ಅಮ್ಮ ಅಳುವುದು ಇಲ್ಲದಿದ್ದಾಗಲೇ ನನಗೆ ಅಳು ಬಂತು.

ಪುಟ ಕಟ್ಟಿದ ಹುಡುಗನಿಗೂ ಥ್ಯಾಂಕ್ಸ್. ಕಪ್ಪು ಬಿಳುಪಿನ ಪುಟದಲ್ಲಿ ಅರಿಶಿನ ತೋರಿಸುವುದು ಹೇಗೆ? ಪ್ರತಿ ಕಾರ್ಡಿನ ಚೌಕಕ್ಕೆ ನಾಲ್ಕು ಮೂಲೆಯಲ್ಲೂ ತೆಳುವಾದ ಬೂದು ಬಣ್ಣ ಇಟ್ಟು, ಏಳು ಮತ್ತು ಒಂಬತ್ತಕ್ಕೆ ಮಾತ್ರ ಬರೀ ಬಿಳಿ ಬಿಟ್ಟ. ಎಲ್ಲೂ ವಿವರಣೆ ಹಾಕಲಿಲ್ಲ. ಕರಡು ತಿದ್ದಿದವರು ಏಳನೇ ಕಾರ್ಡಿಗೆ ‘ಶ್ರೀ’ ಬಿಟ್ಟುಹೋಗಿದೆ ಅಂತ ಸೇರಿಸಿಬಿಟ್ಟಿದ್ದರು! ಕೊನೆಯ ಪ್ರೂಫ್‌ನಲ್ಲಿ ನೋಡಿ ಎದೆ ಧಸಕ್ಕೆಂದಿತು, ಫೋನ್ ಮಾಡಿ ತೆಗೆಸಿದೆ. ಕಾರಣ ಹೇಳಿದಾಗ ಅವರು ಆ ಕಡೆಯಿಂದ ಒಂದು ಕ್ಷಣ ಮಾತಾಡಲಿಲ್ಲ, ಆಮೇಲೆ ‘ನಮ್ಮಮ್ಮನೂ ಹಾಗೇ ಬರೀತಿದ್ರು, ಮರೆತೇಹೋಗಿತ್ತು’ ಅಂದರು. ಆ ಕಾರ್ಡು ಕೆಲಸ ಮಾಡುತ್ತೆ ಅನ್ನುವ ಧೈರ್ಯ ನನಗೆ ಬಂದದ್ದು ಅವತ್ತು.

ನಮ್ಮ ಮನೆಯಲ್ಲೂ 2020ರಲ್ಲಿ ಹಬ್ಬ ಇರಲಿಲ್ಲ. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲಾರೆ. ಆ ವರ್ಷ ತಮ್ಮ ಮನೆಯಲ್ಲೂ ಹಬ್ಬ ಇರಲಿಲ್ಲ ಅಂತ ಮೆಸೇಜ್ ಮಾಡಿದ ಎಲ್ಲರಿಗೂ, ಹೊರದೇಶದಲ್ಲಿದ್ದು ಬರಲಾಗದೆ ಫೋನಿನಲ್ಲೇ ನೋಡಿದವರಿಗೂ, ನಿಮ್ಮ ಒಂದೊಂದು ಸಾಲನ್ನೂ ಓದಿದ್ದೇನೆ, ಉತ್ತರ ತಡವಾದರೂ ಬರೆಯುತ್ತೇನೆ.

ವಿಶೇಷಾಂಕದ ಪ್ರತಿ ನಮ್ಮೂರಿನ ಅಂಗಡಿಯಲ್ಲಿ ಮುಗಿದುಹೋಗಿದೆ. ಪೋಸ್ಟ್ ಆಫೀಸಿನ ಅಕ್ಕ ಇನ್ನೂ ಕತೆ ಓದಿಲ್ಲ. ಸೋಮವಾರ ಕೌಂಟರ್ ತೆರೆಯುತ್ತಿದ್ದ ಹಾಗೆ ನನ್ನ ಪ್ರತಿಯನ್ನೇ ಅವರಿಗೆ ಕೊಟ್ಟು ಬರುತ್ತೇನೆ, ಲೀಡ್ಸ್‌ನ ಗೆಳತಿಗೂ ಅಲ್ಲಿಂದಲೇ ಒಂದು ಕಳಿಸಬೇಕು, ಅದು ಮಾತ್ರ 20 ಗ್ರಾಂನಲ್ಲಿ ಮುಗಿಯುವುದಿಲ್ಲ.